ವರ್ಣಸಂಕರ ನಿಲ್ಲಿಸಿದ ರಾಜನ ಮನೆತನಕ್ಕೆ ಶಕರ ಸೊಸೆ: ಗ್ರಂಥ ಹೇಳಿದ್ದು, ಕಲ್ಲು ಹೇಳಿದ್ದು

ಜಾತಿಯ ಬಗ್ಗೆ ಆನ್‌ಲೈನ್‌ನಲ್ಲಿ ವಾದ ಶುರುವಾದರೆ ಹತ್ತು ನಿಮಿಷದೊಳಗೆ ಮನುಸ್ಮೃತಿ ಬಂದೇ ಬರುತ್ತದೆ. ಒಬ್ಬರು 8ನೇ ಅಧ್ಯಾಯದ 270ನೇ ಶ್ಲೋಕ ಹಾಕುತ್ತಾರೆ. ದ್ವಿಜರನ್ನು ಕೆಟ್ಟ ಮಾತಲ್ಲಿ ಬೈದ ಶೂದ್ರನ ನಾಲಿಗೆ ಕತ್ತರಿಸಬೇಕು ಅನ್ನುವ ಶ್ಲೋಕ ಅದು. ಇನ್ನೊಬ್ಬರು ತಕ್ಷಣ 10ನೇ ಅಧ್ಯಾಯದ 65ನೇ ಶ್ಲೋಕ ಹಾಕುತ್ತಾರೆ. ಶೂದ್ರ ಬ್ರಾಹ್ಮಣನಾಗುತ್ತಾನೆ, ಬ್ರಾಹ್ಮಣ ಶೂದ್ರನಾಗುತ್ತಾನೆ ಅಂತ ಅದರಲ್ಲಿದೆ. ನೋಡಿ, ಆ ಕಾಲದಲ್ಲಿ ಗುಣ ನೋಡಿ ವರ್ಣ ಕೊಡುತ್ತಿದ್ದರು ಅನ್ನುವುದು ಅವರ ವಾದ.

ಎರಡನೆಯ ಶ್ಲೋಕವನ್ನು ಮೊದಲು ನೋಡೋಣ. ಅದರ ಹಿಂದಿನ ಶ್ಲೋಕವನ್ನು, ಅಂದರೆ 64ನೆಯದನ್ನು, ಯಾರೂ ಹಾಕುವುದಿಲ್ಲ. ಅದರಲ್ಲಿ ಗುಣದ ಮಾತೇ ಇಲ್ಲ. ಬ್ರಾಹ್ಮಣ ಗಂಡಸಿಗೆ ಶೂದ್ರ ಹೆಂಗಸಲ್ಲಿ ಹುಟ್ಟಿದ ಸಂತಾನ ಮುಂದೆ ಮೇಲಿನವರ ಜೊತೆಗೇ ಮಕ್ಕಳನ್ನು ಪಡೆಯುತ್ತಾ ಹೋದರೆ, ಏಳನೇ ತಲೆಮಾರಿಗೆ ಆ ಕವಲು ಮೇಲಿನ ಜಾತಿಗೆ ಸೇರುತ್ತದೆ ಅನ್ನುತ್ತದೆ ಅದು. 65ನೆಯದು ಇದರ ಮುಂದುವರಿಕೆ. ಅಂದರೆ ಅದು ಏಳು ತಲೆಮಾರಿನ ರಕ್ತದ ಲೆಕ್ಕ. ಒಬ್ಬ ಮನುಷ್ಯ ತನ್ನ ಜೀವಮಾನದಲ್ಲಿ ಓದಿ, ಒಳ್ಳೆಯವನಾಗಿ, ವರ್ಣ ಬದಲಿಸಿಕೊಳ್ಳುವ ಮಾತು ಅಲ್ಲಿಲ್ಲ. ಒಂದು ಶ್ಲೋಕ ಹಿಂದಕ್ಕೆ ಹೋಗಿ ಓದಿದ್ದರೆ ಆ ವಾದ ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ಮೊದಲನೆಯವರಿಗೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ನಾಲಿಗೆ ಕತ್ತರಿಸಬೇಕು ಎಂದು ಬರೆದಿದೆ ನಿಜ. ಹಾಗಂತ ಕತ್ತರಿಸುತ್ತಿದ್ದರು ಎಂದು ಅದೊಂದೇ ಸಾಲಿನಿಂದ ಹೇಳಬಹುದಾ? ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ಇಬ್ಬರೂ ಗ್ರಂಥವನ್ನು ಆ ಕಾಲದ ಫೋಟೋ ಅಂದುಕೊಂಡಿದ್ದಾರೆ. ಅದು ಫೋಟೋ ಅಲ್ಲ.

ಮನುಸ್ಮೃತಿ ರೂಪುಗೊಂಡಿದ್ದು ಸುಮಾರು ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 3ನೇ ಶತಮಾನದೊಳಗೆ ಅಂತ ವಿದ್ವಾಂಸರು ಹೇಳುತ್ತಾರೆ. ನಾಲ್ಕೈದು ನೂರು ವರ್ಷದ ಅಂತರ ಅದು, ಸಣ್ಣದಲ್ಲ. ಬರೆದವರು ಸಂಸ್ಕೃತ ಕಲಿತ ಬ್ರಾಹ್ಮಣ ಪಂಡಿತರು, ಓದುತ್ತಿದ್ದವರೂ ಹೆಚ್ಚಾಗಿ ಅವರೇ. ಅದರ ಕ್ರಿಯಾಪದಗಳನ್ನು ಗಮನಿಸಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಬಹುಪಾಲು ವಾಕ್ಯಗಳು 'ಮಾಡತಕ್ಕದ್ದು', 'ಮಾಡಬಾರದು' ಎಂಬ ಧಾಟಿಯಲ್ಲಿವೆ. 'ಇಂಥ ಊರಲ್ಲಿ ಇಂಥವರು ಹೀಗೆ ಮಾಡಿದರು' ಅನ್ನುವ ಸಾಲು ಸಿಗುವುದು ಅಪರೂಪ. ಒಬ್ಬರು ಹೇಗೆ ಬದುಕಬೇಕೆಂದು ಬರೆದದ್ದರಿಂದ ಅವರು ಹಾಗೇ ಬದುಕಿದರು ಅನ್ನಲಾಗುವುದಿಲ್ಲ. ಆದರೆ ಒಂದು ಮಾತನ್ನು ಖಂಡಿತ ಹೇಳಬಹುದು. ಬರೆದವನಿಗೆ ಏನು ಬೇಕಿತ್ತು, ಯಾವುದರ ಭಯ ಇತ್ತು ಅನ್ನುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಆ ಭಯ ಎಲ್ಲಕ್ಕಿಂತ ಜಾಸ್ತಿ ಕಾಣುವುದು 10ನೇ ಅಧ್ಯಾಯದಲ್ಲೇ. ಗ್ರಂಥ ಬರೆದವರ ಕೈಯಲ್ಲಿದ್ದದ್ದು ನಾಲ್ಕೇ ನಾಲ್ಕು ವರ್ಣ, ಐದನೆಯದಿಲ್ಲ ಎಂದು ಅವರೇ ಹೇಳಿಬಿಟ್ಟಿದ್ದಾರೆ. ಹೊರಗೆ ನೋಡಿದರೆ ಜನಗುಂಪುಗಳು ಲೆಕ್ಕವಿಲ್ಲದಷ್ಟು. ಬೆಸ್ತರು, ವೈದ್ಯರು, ರಥ ಹೊಡೆಯುವವರು, ಕಾಡಿನವರು, ದೂರದೇಶದಿಂದ ಬಂದವರು. ಇವರನ್ನೆಲ್ಲ ನಾಲ್ಕರಲ್ಲಿ ಎಲ್ಲಿ ಕೂರಿಸುವುದು? ಅದಕ್ಕೆ ಅವರು ಹೂಡಿದ ಉಪಾಯ ಸಂಕರ, ಅಂದರೆ ಬೆರಕೆ. ಬ್ರಾಹ್ಮಣ ಗಂಡಸು, ವೈಶ್ಯ ಹೆಂಗಸು ಸೇರಿದರೆ ಹುಟ್ಟುವವನು ಅಂಬಷ್ಠ. ವೈಶ್ಯ ಗಂಡಸು, ಕ್ಷತ್ರಿಯ ಹೆಂಗಸು ಸೇರಿದರೆ ಮಾಗಧ. ವೈಶ್ಯ ಗಂಡಸು, ಬ್ರಾಹ್ಮಣ ಹೆಂಗಸು ಸೇರಿದರೆ ವೈದೇಹಕ. ಶೂದ್ರ ಗಂಡಸು, ಬ್ರಾಹ್ಮಣ ಹೆಂಗಸು ಸೇರಿದರೆ ಚಂಡಾಲ, ಎಲ್ಲರಿಗಿಂತ ಕೆಳಗೆ. ಹೆಣ್ಣು ಮೇಲಿನವಳಾದಷ್ಟೂ, ಗಂಡು ಕೆಳಗಿನವನಾದಷ್ಟೂ ಮಕ್ಕಳ ಸ್ಥಾನ ಕೆಳಕ್ಕಿಳಿಯುತ್ತದೆ. ಇಡೀ ಲೆಕ್ಕ ನಿಂತಿರುವುದು ಹೆಣ್ಣಿನ ಮೇಲಿನ ಕಾವಲಿನ ಮೇಲೆ. ಈ ಮಾತನ್ನು ಎಷ್ಟು ಜೋರಾಗಿ ಹೇಳಿದರೂ ಸಾಲದು ಅಂತ ನನಗನಿಸುತ್ತದೆ.

ಈ ಪಟ್ಟಿ ನಿಜವಾದ ಇತಿಹಾಸವೇ? ಅಲ್ಲ ಅಂತ ತಿಳಿಯಲು ಹೊರಗಿನ ಸಾಕ್ಷಿಯೂ ಬೇಕಿಲ್ಲ, ಹೆಸರುಗಳನ್ನು ಸುಮ್ನೆ ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು. ಮಾಗಧ ಅಂದರೆ ಮಗಧದವನು. ವೈದೇಹಕ ಅಂದರೆ ವಿದೇಹದವನು. ಎರಡೂ ಇಂದಿನ ಬಿಹಾರದ ಕಡೆಯ ನಾಡುಗಳು. ಒಂದು ನಾಡಿನ ಜನರೆಲ್ಲ ಒಂದೇ ಬಗೆಯ ಬೆರಕೆ ಮದುವೆಯಿಂದ ಹುಟ್ಟಿದರು ಅನ್ನುವುದು ಆಗುವ ಮಾತಲ್ಲ. ಅಂಬಷ್ಠರೂ ಅಷ್ಟೇ. ಪಂಜಾಬಿನ ಕಡೆ ಆ ಹೆಸರಿನ ಜನ ಇದ್ದರು, ಅಲೆಕ್ಸಾಂಡರನ ದಂಡಯಾತ್ರೆ ಬರೆದ ಗ್ರೀಕರೂ ಅವರನ್ನು ಹೆಸರಿಸಿದ್ದಾರೆ. ಅಂದರೆ ಜನ ಮೊದಲೇ ಇದ್ದರು, ಹುಟ್ಟಿನ ಕಥೆ ಆಮೇಲೆ ಬಂತು. ಕಥೆಯ ಕೆಲಸ ಅವರ ಹುಟ್ಟು ಹೇಳುವುದಲ್ಲ, ಅವರನ್ನು ಏಣಿಯ ಒಂದು ಮೆಟ್ಟಿಲಿಗೆ ಕಟ್ಟಿಹಾಕುವುದು.

ಅದೇ ಅಧ್ಯಾಯದ 43 ಮತ್ತು 44ನೇ ಶ್ಲೋಕಗಳಲ್ಲಿ ಇನ್ನೊಂದು ಪಟ್ಟಿ ಇದೆ. ಯವನರು ಅಂದರೆ ಗ್ರೀಕರು, ಮಧ್ಯ ಏಷ್ಯಾದ ಕಡೆಯಿಂದ ಬಂದ ಶಕರು, ಪಹ್ಲವರು, ಕಾಂಬೋಜರು, ಚೀನರು, ಜೊತೆಗೆ ದ್ರವಿಡರು ಕೂಡ. ಇವರೆಲ್ಲ ಮೂಲದಲ್ಲಿ ಕ್ಷತ್ರಿಯರು, ಸಂಸ್ಕಾರ ಬಿಟ್ಟು, ಬ್ರಾಹ್ಮಣರನ್ನು ಕಾಣದೆ ಶೂದ್ರರಾದರು ಅಂತ ಅಲ್ಲಿದೆ. ಇದನ್ನು ಬೈಗುಳ ಎಂದಷ್ಟೇ ಓದಬೇಡಿ. ಆ ಹೊತ್ತಿಗೆ ಯವನರೂ ಶಕರೂ ಈ ನೆಲದಲ್ಲಿ ರಾಜರಾಗಿ ಕೂತಿದ್ದರು. ಅಧಿಕಾರ ಅವರ ಕೈಯಲ್ಲಿತ್ತು. ಅವರನ್ನು ಹೊರಗಿನವರು ಅಂತ ತಳ್ಳಿಹಾಕುವ ಹಾಗಿಲ್ಲ, ಪೂರ್ತಿ ಕ್ಷತ್ರಿಯರು ಅಂತ ಒಪ್ಪುವುದಕ್ಕೂ ಮನಸ್ಸಿಲ್ಲ. 'ಮೂಲದಲ್ಲಿ ಕ್ಷತ್ರಿಯರು' ಅಂದದ್ದರಿಂದ ಮತ್ತೆ ಒಳಗೆ ಬರಲು ಒಂದು ಬಾಗಿಲು ತೆರೆದೇ ಉಳಿಯಿತು.

ಈಗ ನಾಸಿಕ್‌ಗೆ ಹೋಗೋಣ. ಊರಿನ ಹೊರಗೆ ಗುಡ್ಡದ ಮೇಲೆ ಪಾಂಡವಲೇಣಿ ಅನ್ನುವ ಬೌದ್ಧ ಗುಹೆಗಳಿವೆ. 3ನೇ ಗುಹೆಯಲ್ಲಿ ಬ್ರಾಹ್ಮೀ ಲಿಪಿಯ ಒಂದು ಪ್ರಾಕೃತ ಶಾಸನ ಇದೆ, ಕ್ರಿ.ಶ. 2ನೇ ಶತಮಾನದ್ದು. ಬರೆಸಿದವಳು ಗೌತಮಿ ಬಲಶ್ರೀ ಅನ್ನುವ ರಾಣಿ. ತೀರಿಕೊಂಡ ಮಗ ಗೌತಮೀಪುತ್ರ ಶಾತಕರ್ಣಿಯನ್ನು ಅವಳು ಹೊಗಳುತ್ತಾಳೆ. ಸಾತವಾಹನರ ಈ ಮನೆತನ ನಮಗೂ ದೂರದ್ದಲ್ಲ, ಸನ್ನತಿ, ಬನವಾಸಿಗಳ ನೆಲದಲ್ಲೂ ಇವರ ಗುರುತುಗಳಿವೆ. ತಾಯಿ ಮಗನ ಬಗ್ಗೆ ಹೇಳುವ ಮಾತುಗಳಲ್ಲಿ ಮೂರು ನಮಗೆ ಬೇಕು. ಆತ ಕ್ಷತ್ರಿಯರ ಸೊಕ್ಕು ಮುರಿದವನು. ಶಕ, ಯವನ, ಪಹ್ಲವರನ್ನು ನಾಶ ಮಾಡಿದವನು. ನಾಲ್ಕು ವರ್ಣಗಳ ಬೆರಕೆಯನ್ನು ನಿಲ್ಲಿಸಿದವನು.

ಈ ಶಾಸನವನ್ನು ಮನುಸ್ಮೃತಿಯ ಪಕ್ಕದಲ್ಲಿಟ್ಟು ಓದಿದರೆ 'ಹೌದು, ಗ್ರಂಥದಲ್ಲಿದ್ದದ್ದೇ ರಾಜ್ಯದಲ್ಲೂ ನಡೆಯುತ್ತಿತ್ತು' ಅನಿಸುತ್ತದೆ. ಎಷ್ಟೋ ಪಠ್ಯಪುಸ್ತಕಗಳು ಅಲ್ಲಿಗೇ ನಿಲ್ಲಿಸುತ್ತವೆ. ಆದರೆ ಅದೇ ಕಾಲದ ಇನ್ನೆರಡು ಕಲ್ಲುಗಳಿವೆ.

ಮುಂಬೈ ಹತ್ತಿರದ ಕಾನ್ಹೇರಿಯಲ್ಲಿ ಒಂದು ನೀರಿನ ತೊಟ್ಟಿ ಕಟ್ಟಿಸಿದ ದಾನಶಾಸನ ಇದೆ. ಅದರಲ್ಲಿ ವಾಸಿಷ್ಠೀಪುತ್ರ ಶಾತಕರ್ಣಿ ಅನ್ನುವ ಸಾತವಾಹನ ರಾಜನ ರಾಣಿಯ ಉಲ್ಲೇಖ ಬರುತ್ತದೆ. ಅವಳು ಕಾರ್ದಮಕ ವಂಶದವಳು, ಒಬ್ಬ ಮಹಾಕ್ಷತ್ರಪನ ಮಗಳು. ಮಹಾಕ್ಷತ್ರಪ ಅನ್ನುವುದು ಪಶ್ಚಿಮ ಭಾರತ ಆಳುತ್ತಿದ್ದ ಶಕ ದೊರೆಗಳ ಬಿರುದು. ಅಪ್ಪನ ಹೆಸರಿನ ಜಾಗ ಸವೆದಿದೆ, ಆದರೂ ಅವನು ರುದ್ರದಾಮನೇ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದಕ್ಕೆ ಆಧಾರ ಗುಜರಾತಿನ ಜುನಾಗಢದಲ್ಲಿದೆ. ಸುಮಾರು ಕ್ರಿ.ಶ. 150ರ ಆ ಶಾಸನದಲ್ಲಿ ರುದ್ರದಾಮ ತಾನು ದಕ್ಷಿಣಾಪಥದ ಒಡೆಯ ಶಾತಕರ್ಣಿಯನ್ನು ಎರಡು ಸಲ ಗೆದ್ದೆ, ಆದರೂ ನೆಂಟಸ್ತಿಕೆ ದೂರದ್ದಲ್ಲವಾದ್ದರಿಂದ ನಾಶ ಮಾಡದೆ ಬಿಟ್ಟೆ ಎಂದು ಹೇಳಿಕೊಂಡಿದ್ದಾನೆ.

ಲೆಕ್ಕ ಹಾಕಿ ನೋಡಿ. ಶಕರನ್ನು ನಾಶ ಮಾಡಿ ವರ್ಣಸಂಕರ ನಿಲ್ಲಿಸಿದೆವು ಎಂದು ಕಲ್ಲಿನಲ್ಲಿ ಬರೆಸಿಕೊಂಡ ಮನೆತನಕ್ಕೆ, ಸ್ವಲ್ಪವೇ ವರ್ಷಗಳ ಅಂತರದಲ್ಲಿ, ಶಕರ ಮಗಳು ರಾಣಿಯಾಗಿ ಬಂದಿದ್ದಾಳೆ. ಮನುವಿನ ಲೆಕ್ಕದಲ್ಲಿ ಅವಳು ಶೂದ್ರರಾದವರ ಮನೆಯವಳು. ಅವಳ ಅಪ್ಪನ ಶಾಸನವೋ, ಎಲ್ಲ ವರ್ಣದವರೂ ತಾವಾಗಿ ಬಂದು ರಕ್ಷಣೆಗೆ ತನ್ನನ್ನೇ ಒಡೆಯನಾಗಿ ಆರಿಸಿಕೊಂಡರು ಅನ್ನುತ್ತದೆ, ಅದೂ ಒಳ್ಳೆಯ ಸಂಸ್ಕೃತದಲ್ಲಿ. ಅಂದರೆ ಶಕ ದೊರೆಯೂ ವರ್ಣದ ಭಾಷೆಯನ್ನೇ ಆಡುತ್ತಿದ್ದಾನೆ. 'ವರ್ಣವನ್ನು ಕಾಪಾಡಿದೆ' ಅನ್ನುವುದು ಆ ಕಾಲಕ್ಕೆ ಒಳ್ಳೆಯ ರಾಜ ಹೇಳಿಕೊಳ್ಳಲೇಬೇಕಾದ ಮಾತಾಗಿತ್ತು. ಮದುವೆ ಮಾತ್ರ ರಾಜಕೀಯ ನೋಡಿ ನಡೆಯುತ್ತಿತ್ತು.

ದಾನದಲ್ಲೂ ಇದೇ ಕಥೆ. ಕ್ಷತ್ರಿಯ ವಂಶದಲ್ಲಿ ಹುಟ್ಟದ ರಾಜನಿಂದ ಬ್ರಾಹ್ಮಣ ದಾನ ತೆಗೆದುಕೊಳ್ಳಬಾರದು ಎಂದು ಮನುಸ್ಮೃತಿಯ 4ನೇ ಅಧ್ಯಾಯದ 84ನೇ ಶ್ಲೋಕ ಹೇಳುತ್ತದೆ. ಅದೇ ನಾಸಿಕ್ ಗುಡ್ಡದ 10ನೇ ಗುಹೆಯಲ್ಲಿ ಉಷವದಾತ ಅನ್ನುವ ಶಕನ ಶಾಸನಗಳಿವೆ. ಕ್ಷತ್ರಪ ನಹಪಾನನ ಅಳಿಯ ಈತ. ಬ್ರಾಹ್ಮಣರಿಗೆ 3 ಲಕ್ಷ ಹಸು ಕೊಟ್ಟೆ, ವರ್ಷಕ್ಕೆ 1 ಲಕ್ಷ ಬ್ರಾಹ್ಮಣರಿಗೆ ಊಟ ಹಾಕಿಸಿದೆ, ಪ್ರಭಾಸದಲ್ಲಿ ಬ್ರಾಹ್ಮಣರಿಗೆ ಎಂಟು ಹೆಂಡತಿಯರನ್ನು ಕೊಡಿಸಿದೆ ಎಂದು ಬರೆಸಿದ್ದಾನೆ. ಸಂಖ್ಯೆಗಳನ್ನು ನಂಬಬೇಕಿಲ್ಲ, ದಾನಶಾಸನದಲ್ಲಿ ಉಬ್ಬಿಸುವುದು ಇದ್ದದ್ದೇ. ಆದರೆ ಶಕನೊಬ್ಬನಿಂದ ದಾನ ತೆಗೆದುಕೊಳ್ಳುವ ಬ್ರಾಹ್ಮಣರು ಇದ್ದರು, ಅದನ್ನು ಹೆಮ್ಮೆಯಿಂದ ಗೋಡೆಗೆ ಬರೆಸಬಹುದಾಗಿತ್ತು ಅನ್ನುವುದನ್ನಂತೂ ನಂಬಬೇಕು.

ಈಗ ಗ್ರಂಥದ ನಿಷೇಧವನ್ನು ಬೇರೆ ಥರ ಓದಬಹುದು. 'ಇಂಥವನಿಂದ ದಾನ ತಗೋಬೇಡಿ' ಅಂತ ಬರೆಯುವ ಅಗತ್ಯ ಬಂದದ್ದೇ ಜನ ತಗೊಳ್ಳುತ್ತಿದ್ದರಿಂದ ಇರಬೇಕು, ಅಲ್ವಾ? ಬೆರಕೆ ಮದುವೆಗಳ ಅಷ್ಟುದ್ದದ ಪಟ್ಟಿಯೂ ಹಾಗೇ. ಯಾರೂ ಮಾಡದ ಕೆಲಸಕ್ಕೆ ಅಷ್ಟು ನಿಯಮ ಯಾಕೆ ಬೇಕು? ಈ ಓದಿಗೂ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಪಂಡಿತರು ಎಲ್ಲ ಸಾಧ್ಯತೆಗಳನ್ನೂ ಕೂಡಿಸಿ ಕಳೆದು ಪಟ್ಟಿ ಮಾಡುವುದರಲ್ಲಿ ಖುಷಿ ಪಡುವವರು. ನಾಲ್ಕು ವರ್ಣದ ಗಂಡು, ನಾಲ್ಕು ವರ್ಣದ ಹೆಣ್ಣು ಇಟ್ಟುಕೊಂಡರೆ ಬೆರಕೆಯ ಜೋಡಿಗಳೇ 12 ಆಗುತ್ತವೆ, ಆ 12ಕ್ಕೂ ಹೆಸರು ಹುಡುಕುತ್ತಾರೆ. ಹಾಗಾಗಿ ಪ್ರತಿ ನಿಷೇಧದ ಹಿಂದೆಯೂ ಒಂದು ನಿಜವಾದ ಘಟನೆ ಇತ್ತು ಎಂದುಕೊಂಡರೆ ಅದೂ ತಪ್ಪಾಗುತ್ತದೆ. ನಿಷೇಧವೊಂದು ಸುಳಿವು ಅಷ್ಟೇ. ಕಲ್ಲೋ ನಾಣ್ಯವೋ ಇನ್ನೊಂದು ಪಂಥದ ಬರಹವೋ ಜೊತೆಗೆ ನಿಂತಾಗ ಮಾತ್ರ ಅದು ಸಾಕ್ಷಿಯಾಗುತ್ತದೆ.

ಉಷವದಾತನ ಇನ್ನೊಂದು ಸಾಲು ನನಗೆ ತುಂಬಾ ಇಷ್ಟ. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳ ಬಟ್ಟೆಯ ಖರ್ಚಿಗೆ ಅವನು 2000 ಕಾರ್ಷಾಪಣ ನಾಣ್ಯ ಇಡುತ್ತಾನೆ. ಎಲ್ಲಿ? ನಾಸಿಕ್ ಹತ್ತಿರದ ಗೋವರ್ಧನದ ನೇಕಾರರ ಶ್ರೇಣಿಯಲ್ಲಿ, ಅಂದರೆ ನೇಕಾರರು ಕೂಡಿ ಕಟ್ಟಿಕೊಂಡ ಸಂಘದಲ್ಲಿ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ವರ್ಷಕ್ಕೆ 240 ಆಯಿತು, ತಲೆಗೆ 12. ಲೆಕ್ಕ ಸರಿಯಾಗಿ ಕೂರುತ್ತದೆ. ಅಸಲು ವಾಪಸ್ ಕೊಡುವಂತಿಲ್ಲ, ಬಡ್ಡಿ ಮಾತ್ರ ನಡೆಯುತ್ತಿರಬೇಕು. ತಾನು ಸತ್ತ ಮೇಲೂ ಈ ಸಂಘ ಇರುತ್ತದೆ, ಮಾತು ಉಳಿಸಿಕೊಳ್ಳುತ್ತದೆ ಅನ್ನುವ ನಂಬಿಕೆ ಇಲ್ಲದೆ ದೊರೆಯ ಅಳಿಯನೊಬ್ಬ ಹೀಗೆ ದುಡ್ಡಿಡುವುದಿಲ್ಲ. ಮನುಸ್ಮೃತಿಯಲ್ಲಿ ಶಕ್ತಿಯಿದ್ದರೂ ಶೂದ್ರ ಹಣ ಕೂಡಿಡಬಾರದು ಅಂತಿದೆ, ಕೈಕಸುಬು ಶೂದ್ರ ಕಷ್ಟಕಾಲದಲ್ಲಿ ಹಿಡಿಯುವ ದಾರಿ ಅಂತಿದೆ. ಈ ನೇಕಾರರ ವರ್ಣ ಯಾವುದು ಎಂದು ಶಾಸನ ಹೇಳುವುದಿಲ್ಲ. ಆ ಕಾಲದ ಗುಹೆಗಳ ದಾನಶಾಸನಗಳಲ್ಲಿ ಸಾಮಾನ್ಯ ಜನ ತಮ್ಮನ್ನು ಪರಿಚಯಿಸಿಕೊಳ್ಳುವುದು ಹೆಚ್ಚಾಗಿ ಹೆಸರು, ಊರು, ಕಸುಬು, ಯಾರ ಮಗ ಯಾರ ಹೆಂಡತಿ ಅನ್ನುವುದರಿಂದ. ವೈಶ್ಯ, ಶೂದ್ರ ಅನ್ನುವ ಪದಗಳನ್ನು ಅಲ್ಲಿ ಹುಡುಕಬೇಕಾಗುತ್ತದೆ. ವರ್ಣ ಅನ್ನುವುದು ಪಂಡಿತರು ಸಮಾಜವನ್ನು ನೋಡಿದ ಬಗೆ. ಕಮ್ಮಾರನೋ ನೇಕಾರನೋ ತನ್ನನ್ನು ತಾನು ಹಾಗೆ ನೋಡಿಕೊಂಡನೇ ಅನ್ನುವುದು ಬೇರೆ ಪ್ರಶ್ನೆ.

ನಮ್ಮ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಂಬ ನಿಂತಿದೆ. 5ನೇ ಶತಮಾನದ ಕದಂಬ ಶಾಂತಿವರ್ಮನ ಕಾಲದ್ದು, ಸಂಸ್ಕೃತ ಕಾವ್ಯ, ಬರೆದವನು ಕುಬ್ಜ. ಮಯೂರಶರ್ಮ ಅನ್ನುವ ಬ್ರಾಹ್ಮಣ ಹುಡುಗ ಗುರುವಿನ ಜೊತೆ ಕಂಚಿಗೆ ಓದಲು ಹೋಗುತ್ತಾನೆ. ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ಕಲಿಯುಗದಲ್ಲಿ ಬ್ರಾಹ್ಮಣ್ಯ ಕ್ಷತ್ರಕ್ಕಿಂತ ದುರ್ಬಲವಾಯಿತಲ್ಲ ಎಂದು ನೊಂದು, ದರ್ಭೆ, ಸಮಿಧೆ, ಸೌಟು ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ. ರಾಜ್ಯ ಕಟ್ಟುತ್ತಾನೆ. ಅವನ ನಂತರದ ರಾಜರ ಹೆಸರುಗಳು 'ಶರ್ಮ' ಬಿಟ್ಟು 'ವರ್ಮ' ಆಗುತ್ತವೆ. ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜರ ಮನೆಗೆ ಕೊಟ್ಟ ಅಂತಲೂ ಅದೇ ಕಂಬದಲ್ಲಿದೆ.

ಇದನ್ನು ಓದಿ 'ನೋಡಿದ್ರಾ, ವರ್ಣ ಬದಲಾಗುತ್ತಿತ್ತು' ಅನ್ನಬಹುದು. ಬದಲಾಗಿದ್ದು ನಿಜವೇ. ಆದರೆ ಯಾರಿಗೆ? ಕತ್ತಿ ಹಿಡಿದು ನೆಲ ಗೆದ್ದವನಿಗೆ. ಮೇಲಾಗಿ ಅವನು ಹೊರಟದ್ದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದಲೇ. ತೊಂದರೆ ಬಂದಾಗ ಬ್ರಾಹ್ಮಣ ಕ್ಷತ್ರಿಯನ ವೃತ್ತಿ ಹಿಡಿಯಬಹುದು ಎಂದು ಮನುಸ್ಮೃತಿಯ 10ನೇ ಅಧ್ಯಾಯವೇ ಒಪ್ಪುತ್ತದೆ. ಕೆಳಗಿನವನು ಮೇಲಿನವನ ವೃತ್ತಿ ಹಿಡಿದರೆ ರಾಜ ಅವನ ಆಸ್ತಿ ಕಿತ್ತುಕೊಂಡು ಊರು ಬಿಡಿಸಬೇಕು ಎಂದೂ ಅದೇ ಅಧ್ಯಾಯ ಹೇಳುತ್ತದೆ. ಮೇಲಿನವರಿಗೆ ನಿಯಮ ಸಡಿಲವಾಗಿತ್ತು ಅನ್ನುವುದಕ್ಕೆ ತಾಳಗುಂದ ಒಳ್ಳೆಯ ಸಾಕ್ಷಿ. ಎಲ್ಲರಿಗೂ ಸಡಿಲವಾಗಿತ್ತು ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಹಾಗಾದರೆ ಕೆಳಗೆ ಏನಾಗುತ್ತಿತ್ತು? ಗ್ರಂಥ ಬರೀ ಆಸೆ, ನೆಲದ ಮೇಲೆ ಏನೂ ಇರಲಿಲ್ಲ ಅಂತ ಈಗ ಕೆಲವರು ಹೇಳುತ್ತಾರೆ. ತಾರತಮ್ಯವೆಲ್ಲ ಬ್ರಿಟಿಷರ ಜನಗಣತಿಯಿಂದ ಬಂತು ಅನ್ನುವವರೂ ಇದ್ದಾರೆ. 1772ರ ನಂತರ ಕಂಪನಿ ಸರ್ಕಾರ ಹಿಂದೂಗಳ ವ್ಯಾಜ್ಯಕ್ಕೆ ಶಾಸ್ತ್ರವೇ ಕಾನೂನು ಅಂತ ಮಾಡಿತು, 1794ರಲ್ಲಿ ವಿಲಿಯಂ ಜೋನ್ಸ್ ಮಾಡಿದ ಮನುಸ್ಮೃತಿಯ ಇಂಗ್ಲಿಷ್ ಅನುವಾದ ಹೊರಬಂತು, ಆ ಒಂದು ಗ್ರಂಥಕ್ಕೆ ಹಿಂದೆ ಇಲ್ಲದಷ್ಟು ತೂಕ ಬಂತು. ಇದು ನಿಜ. ಆದರೆ ಅಷ್ಟರಿಂದ ಹಿಂದಿನದು ಅಳಿಸಿಹೋಗುವುದಿಲ್ಲ.

ಚಂಡಾಲರು ಊರ ಹೊರಗೆ ಇರಬೇಕು, ಹೆಣದ ಬಟ್ಟೆ ತೊಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಹಗಲು ಕೆಲಸಕ್ಕೆ ಬಂದರೆ ರಾಜ ಹೇಳಿದ ಗುರುತು ಹಾಕಿಕೊಂಡು ಓಡಾಡಬೇಕು ಎಂದು 10ನೇ ಅಧ್ಯಾಯ ಹೇಳುತ್ತದೆ. ಈ ಮಾತಿಗೆ ಹೊರಗಿನ ಸಾಕ್ಷಿ ಇದೆ. 5ನೇ ಶತಮಾನದ ಆರಂಭದಲ್ಲಿ ಬಂದ ಚೀನೀ ಭಿಕ್ಷು ಫಾಹಿಯಾನ್, ಚಂಡಾಲರು ಬೇರೆಯಾಗಿ ವಾಸಿಸುತ್ತಾರೆ, ಪೇಟೆಗೆ ಬರುವಾಗ ಮರದ ತುಂಡು ಬಡಿಯುತ್ತಾ ಬರುತ್ತಾರೆ, ಶಬ್ದ ಕೇಳಿ ಜನ ಮೈ ತಾಗದಂತೆ ಸರಿಯುತ್ತಾರೆ ಅಂತ ಬರೆದಿದ್ದಾನೆ. ಫಾಹಿಯಾನ್ ಎಲ್ಲದರಲ್ಲೂ ನಂಬಿಕಸ್ಥನಲ್ಲ. ಅದೇ ಭಾಗದಲ್ಲಿ ಈ ನಾಡಿನ ಜನ ಯಾರೂ ಪ್ರಾಣಿ ಕೊಲ್ಲುವುದಿಲ್ಲ, ಹೆಂಡ ಕುಡಿಯುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ ಅಂತಲೂ ಬರೆದಿದ್ದಾನೆ, ಅದು ಭಕ್ತನ ಕಣ್ಣಿಗೆ ಕಂಡ ದೇಶ. ಆದರೆ ಮರದ ತುಂಡಿನ ಸದ್ದು ಯಾವ ಆದರ್ಶಕ್ಕೂ ಬೇಕಾದದ್ದಲ್ಲ. ಮನುಸ್ಮೃತಿಯಿಂದ ನಕಲು ಮಾಡಿದ್ದೂ ಅಲ್ಲ, ಅಲ್ಲಿ ಆ ವಿವರ ಇಲ್ಲವೇ ಇಲ್ಲ. ಪರಿಚಯವಿಲ್ಲದ ಎರಡು ಬಾಯಿಗಳು ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಅಲ್ಲಿ ಏನೋ ಇತ್ತು ಎಂದು ಒಪ್ಪಲೇಬೇಕು. ಒಟ್ಟಿನಲ್ಲಿ ಒಂದೇ ಗ್ರಂಥದ ಒಂದೇ ಅಧ್ಯಾಯದಲ್ಲಿ ಮೇಲಿನವರ ಮೇಲಿದ್ದ ನಿಯಮ ಬಾಗಿದೆ, ಕೆಳಗಿನವರ ಮೇಲಿದ್ದದ್ದು ಗಟ್ಟಿಯಾಗಿ ಕೂತಿದೆ. 'ಗ್ರಂಥ ಪೂರ್ತಿ ನಿಜ' ಅನ್ನುವವರಿಗೂ 'ಪೂರ್ತಿ ಕಲ್ಪನೆ' ಅನ್ನುವವರಿಗೂ ಇದು ಕಾಣದೆ ಹೋಗುತ್ತದೆ.

ಶಾಸನಗಳೂ ಈ ಜಾಗದಲ್ಲಿ ನಮ್ಮ ಕೈ ಬಿಡುತ್ತವೆ. ಕಲ್ಲಿನಲ್ಲಿ ಹೆಸರು ಬರಬೇಕಾದರೆ ದಾನ ಕೊಡುವಷ್ಟು ದುಡ್ಡಿರಬೇಕು. ಹೆಣ ಹೊರುವವನು ಶಾಸನ ಹಾಕಿಸಲಿಲ್ಲ. ನಾಸಿಕ್ ಶಾಸನದಲ್ಲೇ ಒಂದು ಪದ ಇದೆ, 'ದಿಜಾವರ' ಕುಟುಂಬಗಳನ್ನು ಬೆಳೆಸಿದವನು ಗೌತಮೀಪುತ್ರ ಅಂತ. ಬ್ರಾಹ್ಮಿಯಲ್ಲಿ ದೀರ್ಘ ಒಂದು ಸಣ್ಣ ಗೆರೆ. ಆ ಗೆರೆಯನ್ನು ಲೆಕ್ಕಕ್ಕಿಟ್ಟು ದ್ವಿಜ ಮತ್ತು ಕೆಳಗಿನವರು ಅನ್ನುವ ಅರ್ಥದ ಸಂಸ್ಕೃತದ 'ಅವರ' ಅಂತ ಬಿಡಿಸಿದರೆ 'ಬ್ರಾಹ್ಮಣರನ್ನೂ ಕೆಳಗಿನವರನ್ನೂ' ಎಂದಾಗುತ್ತದೆ. ದ್ವಿಜವರ ಅಂತ ಓದಿದರೆ 'ಶ್ರೇಷ್ಠ ಬ್ರಾಹ್ಮಣರನ್ನು' ಎಂದಷ್ಟೇ. ಕೆಳಗಿನವರು ಆ ಇಡೀ ಶಾಸನದಲ್ಲಿ ಇದ್ದಾರೋ ಇಲ್ಲವೋ ಅನ್ನುವುದು ಒಂದು ಪದ ಬಿಡಿಸುವ ಬಗೆಯ ಮೇಲೆ ನಿಂತಿದೆ.

ಅವರದೇ ದನಿ ಅನ್ನಬಹುದಾದದ್ದು ಅಪರೂಪಕ್ಕೆ ಒಂದೆರಡು ಕಡೆ ಇದೆ. ಬೌದ್ಧ ಭಿಕ್ಷುಗಳ ಪಾಲಿ ಪದ್ಯಗಳ ಸಂಗ್ರಹ ಥೇರಗಾಥಾದಲ್ಲಿ ಸುನೀತ ಅನ್ನುವವನ ಪದ್ಯಗಳಿವೆ. ನೀಚ ಕುಲದಲ್ಲಿ ಹುಟ್ಟಿದೆ, ಬಡವ, ಊಟಕ್ಕೂ ಕಡಿಮೆ, ಬಾಡಿದ ಹೂ ಎಸೆಯುವ ಕೀಳು ಕೆಲಸ ನನ್ನದಾಗಿತ್ತು ಅನ್ನುತ್ತಾನೆ. ಜನ ಅಸಹ್ಯಪಡುತ್ತಿದ್ದರು, ಹಳಿಯುತ್ತಿದ್ದರು, ನಾನು ಮನಸ್ಸನ್ನು ತಗ್ಗಿಸಿಕೊಂಡು ಕಂಡಕಂಡವರಿಗೆಲ್ಲ ಕೈ ಮುಗಿಯುತ್ತಿದ್ದೆ ಅನ್ನುತ್ತಾನೆ. ಆಮೇಲೆ ಅವನಿಗೆ ಬುದ್ಧ ಸಿಗುತ್ತಾನೆ, ಅವನು ಭಿಕ್ಷುವಾಗುತ್ತಾನೆ, ಕೊನೆಗೆ ಇಂದ್ರನೂ ಬ್ರಹ್ಮನೂ ಬಂದು ಅವನಿಗೇ ಕೈ ಮುಗಿಯುತ್ತಾರೆ. ಈ ಪದ್ಯವನ್ನು ಉಳಿಸಿದವರೂ ಭಿಕ್ಷುಗಳೇ. ಸಂಘ ಎಷ್ಟು ದೊಡ್ಡದು ಅಂತ ತೋರಿಸುವುದು ಅವರಿಗೆ ಬೇಕಿತ್ತು, ಇಂದ್ರ ಬ್ರಹ್ಮರು ಬಂದದ್ದು ಅದಕ್ಕೇ. ಆದರೆ 'ಮನಸ್ಸನ್ನು ತಗ್ಗಿಸಿಕೊಂಡು' ಅನ್ನುವ ಆ ಸಾಲು ಸಂಘದ ಹೊಗಳಿಕೆಗೆ ಬೇಕಾದ್ದಕ್ಕಿಂತ ಜಾಸ್ತಿ ಹೇಳುತ್ತದೆ. ಮನುಸ್ಮೃತಿಯಲ್ಲಿ ಯಾರು ಎಲ್ಲಿ ಇರಬೇಕು, ಏನು ಉಡಬೇಕು, ಯಾವುದರಲ್ಲಿ ಉಣ್ಣಬೇಕು ಎಂದೆಲ್ಲ ಇದೆ. ಹಾಗೆ ಬದುಕುವಾಗ ಒಳಗೆ ಏನಾಗುತ್ತದೆ ಅನ್ನುವುದು ಹೂ ಎಸೆಯುವವನ ಈ ಅರ್ಧ ಸಾಲಿನಲ್ಲಿದೆ.